ಚಾಟ್‌ನಲ್ಲಿ ‘ಅದನ್ನ’ ಅಂದರೆ ಯಾವುದನ್ನ?

ನಾನು ಇಂಟರ್ನೆಟ್ ಸಂಪರ್ಕ ಕೊಡುವ ಒಂದು ಕಂಪನಿಯ ಗ್ರಾಹಕರ ಜೊತೆ ಚಾಟ್‌ನಲ್ಲಿ ಮಾತಾಡುವ ಕೆಲಸ ಮಾಡುತ್ತೇನೆ. ಒಂದು ದಿನ ಒಬ್ಬರು ಒಂದೇ ಚಾಟ್‌ನಲ್ಲಿ ಮೂರು ವಿಷಯ ತಂದರು. ಬಿಲ್ ಎರಡು ಸಲ ಕಟ್ ಆಗಿತ್ತು, ರೀಫಂಡ್ ಬೇಕಿತ್ತು. ಶುಕ್ರವಾರ ಮನೆ ಬದಲಿಸುತ್ತಿದ್ದರು, ಸಂಪರ್ಕವನ್ನು ಹೊಸ ಮನೆಗೆ ಶಿಫ್ಟ್ ಮಾಡಬೇಕಿತ್ತು. ಜೊತೆಗೆ, ವೈಫೈ ಎಲ್ಲಾ ಕೋಣೆಗೂ ಸಿಗಲಿ ಅಂತ ಇನ್ನೊಂದು ಬಾಕ್ಸ್ ಕೇಳಿದ್ದರು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೆಲಸ. ಮುಕ್ಕಾಲು ಗಂಟೆ ಮಾತಾಡಿದ ಮೇಲೆ ಅವರು ಬರೆದರು: “ಅದನ್ನ ಕ್ಯಾನ್ಸಲ್ ಮಾಡಿಬಿಡಿ, ಆಮೇಲೆ ನೋಡೋಣ.”

ನಾನು ಆಗ ತಾನೇ ಶಿಫ್ಟಿಂಗ್ ಬಗ್ಗೆ ಬರೆದಿದ್ದೆ. ಕೊನೆಯ ಮಾತು ಅದೇ ಆಗಿತ್ತಲ್ಲ, ಹಾಗಾಗಿ ಶಿಫ್ಟಿಂಗ್ ಕ್ಯಾನ್ಸಲ್ ಮಾಡಿದೆ. “ಆಯಿತು ಸರ್, ಮಾಡಿದ್ದೇನೆ” ಅಂತ ಬರೆದೆ. ಅವರು “ಥ್ಯಾಂಕ್ಸ್” ಅಂದರು. ಆದರೆ ಅವರು ಹೇಳಿದ್ದು ಬಾಕ್ಸ್ ಬಗ್ಗೆ. ಶುಕ್ರವಾರ ಹೊಸ ಮನೆಗೆ ಯಾರೂ ಹೋಗಲಿಲ್ಲ. ಮತ್ತೆ ದಿನ ಸಿಗುವವರೆಗೆ ನಾಲ್ಕು ದಿನ ಅವರ ಮನೆಯಲ್ಲಿ ಇಂಟರ್ನೆಟ್ ಇರಲಿಲ್ಲ. ಅದರಿಂದ ನನಗೆ ತುಂಬಾ ಬೇಜಾರಾಯಿತು.

ಆ ಚಾಟ್ ತೆಗೆದು ನಿಧಾನವಾಗಿ ಓದಿದೆ. ಮೊದಲು ಕಣ್ಣಿಗೆ ಬಿದ್ದದ್ದು ಸಮಯ. ನಾನು ಶಿಫ್ಟಿಂಗ್ ಬಗ್ಗೆ ಬರೆದದ್ದು 11:42ಕ್ಕೆ. ಅವರ ‘ಅದನ್ನ’ ಬಂದದ್ದೂ 11:42ಕ್ಕೆ. ಅಂದರೆ ನನ್ನ ಮಾತು ಅವರ ಪರದೆಗೆ ಬರುವ ಮೊದಲೇ ಅವರು ಟೈಪ್ ಮಾಡಲು ಶುರು ಮಾಡಿದ್ದರು. ಅದಕ್ಕಿಂತ ಮೂರು ನಿಮಿಷ ಮೊದಲು ನಾನು “ಹೆಚ್ಚುವರಿ ಬಾಕ್ಸ್‌ಗೆ ತಿಂಗಳ ಬಾಡಿಗೆ ಇರುತ್ತದೆ, ಪರವಾಗಿಲ್ಲವಾ?” ಅಂತ ಕೇಳಿದ್ದೆ. ಅವರು ಉತ್ತರ ಕೊಟ್ಟದ್ದು ಆ ಪ್ರಶ್ನೆಗೆ. ಚಾಟ್‌ನಲ್ಲಿ ಇಬ್ಬರ ಮಾತು ಹೀಗೆ ದಾಟಿಕೊಂಡು ಹೋಗುವುದು ಜಾಸ್ತಿ. ನನ್ನ ಕೊನೆಯ ಸಾಲು ಅವರು ಓದಿದ ಕೊನೆಯ ಸಾಲೇ ಆಗಿರಬೇಕು ಅಂತೇನಿಲ್ಲ.

ಎರಡನೆಯದು, ಅವರ ಮಾತಿನ ಬಾಲ. “ಆಮೇಲೆ ನೋಡೋಣ.” ಶುಕ್ರವಾರ ಮನೆ ಬದಲಿಸುವವರು ಶಿಫ್ಟಿಂಗ್ ಬಗ್ಗೆ ಹೀಗೆ ಹೇಳುತ್ತಾರಾ? ನಾನು ‘ಅದನ್ನ’ ಎನ್ನುವ ಒಂದೇ ಪದ ಹಿಡಿದು ಕೆಲಸ ಮಾಡಿಬಿಟ್ಟಿದ್ದೆ. ಪೂರ್ತಿ ವಾಕ್ಯ ಓದಿರಲಿಲ್ಲ.

ಆಮೇಲಿಂದ ಎರಡನೇ ವಿಷಯ ಬಂದ ಕೂಡಲೇ ಪಕ್ಕದ ಹಾಳೆಯಲ್ಲಿ ಒಂದೊಂದಕ್ಕೂ ಒಂದು ಚಿಕ್ಕ ಹೆಸರು ಬರೆದಿಟ್ಟುಕೊಳ್ಳುತ್ತೇನೆ: ರೀಫಂಡ್, ಶಿಫ್ಟಿಂಗ್, ಬಾಕ್ಸ್. ಮುಗಿದದ್ದಕ್ಕೆ ಗೀಟು ಹಾಕುತ್ತೇನೆ. ‘ಅದು’ ಬಂದಾಗ ಉಳಿದ ಹೆಸರುಗಳನ್ನು ಒಂದೊಂದಾಗಿ ಅದರ ಜಾಗದಲ್ಲಿಟ್ಟು ಇಡೀ ವಾಕ್ಯ ಓದಿ ನೋಡುತ್ತೇನೆ. “ರೀಫಂಡ್ ಕ್ಯಾನ್ಸಲ್ ಮಾಡಿಬಿಡಿ” – ತಮ್ಮ ದುಡ್ಡನ್ನು ಯಾರೂ ಬೇಡ ಅನ್ನುವುದಿಲ್ಲ. “ಶಿಫ್ಟಿಂಗ್ ಕ್ಯಾನ್ಸಲ್ ಮಾಡಿಬಿಡಿ, ಆಮೇಲೆ ನೋಡೋಣ” – ವಾಕ್ಯ ಕೂಡುತ್ತದೆ, ಅವರ ಪರಿಸ್ಥಿತಿಗೆ ಕೂಡುವುದಿಲ್ಲ. ಬಾಕ್ಸ್ ಎರಡಕ್ಕೂ ಕೂಡುತ್ತದೆ. ಇದಕ್ಕೆ ಹತ್ತು ಸೆಕೆಂಡೂ ಬೇಡ.

ಈ ಕೆಲಸದಲ್ಲಿ ನಮ್ಮ ಭಾಷೆಯೇ ಅರ್ಧ ಸಹಾಯ ಮಾಡುತ್ತದೆ. “ಯಾವಾಗ ಬರ್ತಾರೆ?” ಅಂದರೆ ಕೇಳುತ್ತಿರುವುದು ರಿಪೇರಿಗೆ ಬರುವವರನ್ನು. “ಯಾವಾಗ ಬರುತ್ತೆ?” ಅಂದರೆ ವಸ್ತು ಅಥವಾ ದುಡ್ಡು. ಎಷ್ಟೋ ಸಲ ‘ಅದು’ ಅಂತ ಬರೆಯುವುದೇ ಇಲ್ಲ, ಬರೀ ಕ್ರಿಯಾಪದ ಇರುತ್ತದೆ. ಆಗ ಅದರ ಕೊನೆಯನ್ನೇ ನೋಡಬೇಕು. “ಅದೂ ಬೇಡ” ಅಂದರೆ ಮೊದಲೇ ಒಂದನ್ನು ಬೇಡ ಅಂದಿದ್ದಾರೆ, ಇದು ಇನ್ನೊಂದು. ಆ ಒಂದೇ ದೀರ್ಘ ನೋಡದೆ ಮುಂದೆ ಹೋಗಬಾರದು. “ಅದಿರಲಿ” ಅಥವಾ “ಅದು ಬಿಡಿ” ಅಂತ ಶುರು ಮಾಡಿದರೆ ಈಗಿನ ವಿಷಯವನ್ನು ಪಕ್ಕಕ್ಕಿಟ್ಟರು ಅಂತ ಅರ್ಥ. ಅದರ ನಂತರ ಬರುವ ‘ಅದು’ ಸಾಮಾನ್ಯವಾಗಿ ಅದಕ್ಕೂ ಹಿಂದಿನ ವಿಷಯಕ್ಕೆ ಹೋಗುತ್ತದೆ. ಕೊನೆಯದೇ ಇರಬೇಕು ಅಂದುಕೊಳ್ಳುವವರು ಇಲ್ಲಿ ಹೆಚ್ಚಾಗಿ ತಪ್ಪುತ್ತಾರೆ.

ಇಷ್ಟಾದರೂ ಎರಡು ಹೆಸರು ಉಳಿಯಬಹುದು. ಆಗ ನಾನು ನೋಡುವುದು ಒಂದೇ: ಅವರು ಕೇಳುತ್ತಿರುವುದು ಮಾಹಿತಿಯನ್ನಾ, ಅಥವಾ ಒಂದು ಕೆಲಸ ಮಾಡಿಸುತ್ತಿದ್ದಾರಾ?

ಮಾಹಿತಿಯಾದರೆ ಎರಡಕ್ಕೂ ಉತ್ತರ ಕೊಟ್ಟುಬಿಡುತ್ತೇನೆ. “ಅದು ಯಾವಾಗ ಬರುತ್ತೆ?” ಅಂದರೆ “ರೀಫಂಡ್ ಐದು ಕೆಲಸದ ದಿನಗಳಲ್ಲಿ ಬರುತ್ತದೆ. ಬಾಕ್ಸ್ ಗುರುವಾರ ಬರುತ್ತದೆ.” ಎರಡು ಸಾಲು, ಅಷ್ಟೇ. ಇಲ್ಲಿ ‘ಯಾವುದು ಸರ್?’ ಅಂತ ಕೇಳಿದರೆ ಅವರ ಸಮಯ ಸುಮ್ನೆ ಹೋಗುತ್ತದೆ, ನಾವು ಗಮನ ಕೊಟ್ಟಿಲ್ಲ ಅಂತಲೂ ಅನಿಸುತ್ತದೆ.

ಕ್ಯಾನ್ಸಲ್, ವಿಳಾಸ ಬದಲಾವಣೆ, ದುಡ್ಡು ಕಟ್ ಮಾಡುವುದು ಇಂಥ ಕೆಲಸವಾದರೆ ಕೇಳಲೇಬೇಕು. ಆದರೆ ಹೇಗೆ ಕೇಳುತ್ತೇವೆ ಅನ್ನುವುದರಲ್ಲಿ ಇನ್ನೊಂದು ತೊಂದರೆ ಇದೆ. ಮೊದಲು ನಾನು “ಬಾಕ್ಸ್ ಕ್ಯಾನ್ಸಲ್ ಮಾಡಬೇಕಾ, ಶಿಫ್ಟಿಂಗ್ ಕ್ಯಾನ್ಸಲ್ ಮಾಡಬೇಕಾ?” ಅಂತ ಕೇಳುತ್ತಿದ್ದೆ. “ಹೂಂ” ಅಂತ ಉತ್ತರ ಬರುತ್ತಿತ್ತು. ಫೋನ್ ಹಿಡಿದು ಬೇರೆ ಏನೋ ಮಾಡುತ್ತಿರುವವರು ಪ್ರಶ್ನೆಯ ಅರ್ಧ ಮಾತ್ರ ಓದಿರುತ್ತಾರೆ. ಆ ‘ಹೂಂ’ ಯಾವುದಕ್ಕೆ? ಮತ್ತೆ ಅಲ್ಲೇ ಬಂದು ನಿಂತೆವು, ಅಲ್ವಾ? ಈಗ ಹೀಗೆ ಬರೆಯುತ್ತೇನೆ: “ಹೆಚ್ಚುವರಿ ಬಾಕ್ಸ್ ಮಾತ್ರ ಕ್ಯಾನ್ಸಲ್ ಮಾಡುತ್ತೇನೆ. ಶುಕ್ರವಾರದ ಶಿಫ್ಟಿಂಗ್ ಹಾಗೇ ಇರುತ್ತದೆ. ಸರಿನಾ?” ಇದಕ್ಕೆ ‘ಹೂಂ’ ಬಂದರೂ ಅರ್ಥ ಒಂದೇ. ನನ್ನ ಊಹೆ ತಪ್ಪಿದ್ದರೆ ಎರಡನೇ ಸಾಲು ನೋಡಿದ ಕೂಡಲೇ “ಅಲ್ಲ ಅಲ್ಲ” ಅಂತ ತಡೆಯುತ್ತಾರೆ. ಕೆಲಸ ಮುಗಿದ ಮೇಲೂ “ಮಾಡಿದ್ದೇನೆ” ಅಂತ ಬಿಡುವುದಿಲ್ಲ, “ಬಾಕ್ಸ್ ಕ್ಯಾನ್ಸಲ್ ಆಗಿದೆ” ಅಂತ ಹೆಸರಿಟ್ಟೇ ಬರೆಯುತ್ತೇನೆ. ಅವತ್ತು ಹಾಗೆ ಬರೆದಿದ್ದರೆ ಅವರು ‘ಥ್ಯಾಂಕ್ಸ್’ ಅನ್ನುವ ಬದಲು ಆಗಲೇ ನನ್ನನ್ನು ತಡೆಯುತ್ತಿದ್ದರು.

ಹಾಗೆಯೇ ನನ್ನ ಬರವಣಿಗೆಯಿಂದ ‘ಅದು’ ಆದಷ್ಟು ತೆಗೆದಿದ್ದೇನೆ. ಹೆಸರನ್ನೂ ಬದಲಿಸುವುದಿಲ್ಲ. ಒಮ್ಮೆ ಬಾಕ್ಸ್, ಒಮ್ಮೆ ರೂಟರ್, ಒಮ್ಮೆ ಡಿವೈಸ್ ಅಂದರೆ ಮೂರು ವಸ್ತು ಇದ್ದಂತೆ ಕಾಣುತ್ತದೆ.

ಎಲ್ಲಾ ‘ಅದು’ಗೂ ಈ ಲೆಕ್ಕ ಹಾಕಬಾರದು ಅಂತಲೂ ಆಮೇಲೆ ಗೊತ್ತಾಯಿತು. “ಅದಕ್ಕೇ ನಾನು ಮೊದಲೇ ಹೇಳಿದ್ದು”, “ಅದೇ ಬೇಜಾರು ನಂಗೆ” ಅನ್ನುವ ಮಾತು ಒಂದು ವಿಷಯವನ್ನು ಹುಡುಕುವುದಿಲ್ಲ. ಇಡೀ ಅನುಭವದ ಮೇಲಿನ ಸಿಟ್ಟು ಅದು. ಅಲ್ಲಿ ‘ಯಾವುದರ ಬಗ್ಗೆ?’ ಅಂತ ಕೇಳಿದರೆ ನೋವಾಗುತ್ತದೆ.

ಇನ್ನು ಕೆಲವರು ಎರಡು ಗಂಟೆ ಬಿಟ್ಟು ಬಂದು “ಅದು ಏನಾಯ್ತು?” ಅಂತಷ್ಟೇ ಬರೆಯುತ್ತಾರೆ. ಅಷ್ಟು ಹೊತ್ತಿಗೆ ನನ್ನ ಪಾಳಿ ಮುಗಿದು ಬೇರೆಯವರು ಕೂತಿರಬಹುದು. ಅದಕ್ಕೆ ಎದ್ದು ಹೋಗುವ ಮೊದಲು ಹಾಳೆಯಲ್ಲಿರುವ ಹೆಸರುಗಳನ್ನು ಚಾಟ್‌ನ ಒಳಟಿಪ್ಪಣಿಗೆ ಹಾಕಿ ಹೋಗುತ್ತೇನೆ: “ರೀಫಂಡ್ – ಕಳಿಸಿದೆ. ಶಿಫ್ಟಿಂಗ್ – ಶುಕ್ರವಾರ, ಇದೆ. ಬಾಕ್ಸ್ – ಬೇಡ ಅಂದರು.”