ತಡವಾದ ಕೆಲಸದ ಬಗ್ಗೆ ಮಾರ್ಗದರ್ಶಕರಿಗೆ ಬರೆದದ್ದು: ಮೂರು ಸಂದೇಶಗಳಿಂದ ಒಂದು ಟಿಪ್ಪಣಿಗೆ

ರಾತ್ರಿ ಪಾಳಿಯಲ್ಲಿ ದುಡಿಯುವ ನರ್ಸ್‌ಗಳ ಅನುಭವದ ಮೇಲೆ ನನ್ನ ಪಿಎಚ್.ಡಿ. ಸಂಶೋಧನೆ. ಇಪ್ಪತ್ನಾಲ್ಕು ಜನರನ್ನು ಸಂದರ್ಶಿಸಬೇಕು, ಧ್ವನಿಮುದ್ರಣವನ್ನು ಬರಹಕ್ಕಿಳಿಸಬೇಕು, ಅದನ್ನು ಕೋಡಿಂಗ್ ಮಾಡಿ, ಅಂದರೆ ಮಾತುಗಳನ್ನು ವಿಷಯವಾರು ಗುರುತಿಸಿ ವಿಂಗಡಿಸಿ, ಅಧ್ಯಾಯ ಬರೆಯಬೇಕು. ಅಧ್ಯಾಯವನ್ನು ಮಾರ್ಚ್ 24ಕ್ಕೆ ಕೊಡುವುದೆಂದು ಮಾತಾಗಿತ್ತು. ಜನವರಿಯ ಹೊತ್ತಿಗೆ ಕೆಲಸ ಹಿಂದೆ ಬಿದ್ದಿತ್ತು. ಆ ದಿನಗಳಲ್ಲಿ ನನ್ನ ಮಾರ್ಗದರ್ಶಕಿಗೆ ಹೋಗಿದ್ದ ಸಂದೇಶಗಳಲ್ಲಿ ಮೂರು ಇವು:

“ಮೇಡಂ, ಸಂದರ್ಶನಗಳು ಬಹುತೇಕ ಮುಗಿದಿವೆ. ಬರಹಕ್ಕಿಳಿಸುವ ಕೆಲಸ ನಡೆಯುತ್ತಿದೆ.”

“ಮೇಡಂ, ಈ ವಾರ ಜ್ವರವಿತ್ತು. ಮುಂದಿನ ವಾರ ಸ್ವಲ್ಪ ಭಾಗ ಕಳುಹಿಸಲು ಪ್ರಯತ್ನಿಸುತ್ತೇನೆ.”

“ಎಥಿಕ್ಸ್ ಸಮಿತಿಯಿಂದ ಇನ್ನೂ ಉತ್ತರವಿಲ್ಲ ಮೇಡಂ. ಕೆಲವರು ಫೋನಿನಲ್ಲಾದರೆ ಮಾತನಾಡುತ್ತೇವೆ ಎನ್ನುತ್ತಿದ್ದಾರೆ. ನೋಡೋಣ.”

ಮೂರರಲ್ಲಿ ಒಂದೂ ಸುಳ್ಳಲ್ಲ. ಆದರೆ ಮೂರನ್ನೂ ಒಟ್ಟಿಗೆ ಇಟ್ಟು ಓದಿದರೂ ಅಧ್ಯಾಯ ಯಾವಾಗ ಕೈಗೆ ಬರುತ್ತದೆ ಎಂದು ಹೇಳಲಾಗದು. ಅವರು ಏನಾದರೂ ಮಾಡಬೇಕೇ, ಸುಮ್ಮನೆ ಕಾಯಬೇಕೇ ಎಂಬುದೂ ತಿಳಿಯದು. ಸಂದೇಶಗಳು ನನ್ನ ಸ್ಥಿತಿಯನ್ನು ಹೇಳುತ್ತಿದ್ದವು. ಅವರಿಗೆ ಬೇಕಿದ್ದುದು ಕೆಲಸದ ಸ್ಥಿತಿ.

ಇಂಥ ಸಂದೇಶಗಳ ಬದಲು ಒಂದು ಪ್ರಗತಿ ಟಿಪ್ಪಣಿ ಬರೆಯಲು ಕುಳಿತಾಗ ಮೊದಲು ಮಾಡಿದ್ದು ಎಣಿಕೆ. ‘ಬಹುತೇಕ’ ಎಂದದ್ದನ್ನು ಬಿಡಿಸಿ ನೋಡಿದರೆ, 24ರಲ್ಲಿ 17 ಸಂದರ್ಶನಗಳು ಆಗಿದ್ದವು. ಆ 17ರಲ್ಲಿ ಬರಹಕ್ಕಿಳಿದದ್ದು 9, ಬಾಕಿ 8. ಇನ್ನೂ ಆಗಬೇಕಿದ್ದ 7 ಸಂದರ್ಶನಗಳಲ್ಲಿ ಎರಡಕ್ಕೆ ದಿನಾಂಕ ಗೊತ್ತಾಗಿತ್ತು. ಐದು ಜನ ಫೋನನ್ನೇ ಕೇಳುತ್ತಿದ್ದರು. ಸಂಶೋಧನೆಗೆ ಎಥಿಕ್ಸ್ ಸಮಿತಿಯಿಂದ ನಮಗಿದ್ದ ಅನುಮತಿ ಮುಖಾಮುಖಿ ಸಂದರ್ಶನಕ್ಕೆ ಮಾತ್ರ. ಫೋನಿಗೆ ತಿದ್ದುಪಡಿ ಅರ್ಜಿ ಸಲ್ಲಿಸಿದ್ದೆವು. ಅದು ಮಂಜೂರಾಗುವವರೆಗೆ ಆ ಐವರೊಡನೆ ಫೋನಿನಲ್ಲಿ ಸಂದರ್ಶನ ನಡೆಸುವಂತಿಲ್ಲ. ನಡೆಸಿದರೆ ಆ ಮಾತುಗಳನ್ನು ಪ್ರಬಂಧದಲ್ಲಿ ಬಳಸುವುದೇ ಕಷ್ಟವಾಗುತ್ತದೆ.

ಎಣಿಕೆ ಆದ ಮೇಲೆ ತಡದ ಕಾರಣಗಳು ಒಂದೇ ಬಗೆಯವಲ್ಲ ಎಂಬುದು ಕಂಡಿತು. ಇಡೀ ಟಿಪ್ಪಣಿ ನಿಂತಿರುವುದು ಈ ವಿಂಗಡಣೆಯ ಮೇಲೆ. ಬರಹಕ್ಕಿಳಿಸುವುದು ನನ್ನ ದುಡಿಮೆಯಿಂದ ಮುಗಿಯುವ ಕೆಲಸ. ಅದಕ್ಕೆ ನಾನೇ ದಿನಾಂಕ ಕೊಡಬಲ್ಲೆ. ಸಮಿತಿಯ ಉತ್ತರ ಇನ್ನೊಬ್ಬರ ಕೈಯಲ್ಲಿದೆ. ಅದಕ್ಕೆ ನಾನು ದಿನಾಂಕ ಕೊಟ್ಟರೆ ಅದು ಊಹೆ. ಆ ಐದು ಸಂದರ್ಶನಗಳಿಲ್ಲದೆ ಮುಂದುವರಿಯಬಹುದೇ ಎಂಬುದು ಮಾರ್ಗದರ್ಶಕಿಯೇ ತೀರ್ಮಾನಿಸಬೇಕಾದ ಮಾತು. ಸಂದೇಶಗಳಲ್ಲಿ ಈ ಮೂರೂ ‘ತಡವಾಗುತ್ತಿದೆ’ ಎಂಬ ಒಂದೇ ಮಾತಿನೊಳಗೆ ಸೇರಿಹೋಗಿದ್ದವು. ಜ್ವರ ಆಗಲೇ ಕಳೆದಿತ್ತು, ಮುಂದಿನ ದಿನಾಂಕದ ಮೇಲೆ ಅದರ ಪರಿಣಾಮವಿರಲಿಲ್ಲ. ಹಾಗಾಗಿ ಟಿಪ್ಪಣಿಗೆ ಅದನ್ನು ತರಲಿಲ್ಲ. ಪರಿಣಾಮ ಇದ್ದಿದ್ದರೆ ಒಂದು ವಾಕ್ಯ ಬರೆಯುತ್ತಿದ್ದೆ.

ನಂತರ ದಿನಾಂಕದ ಲೆಕ್ಕ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಬೇಕೆನ್ನುತ್ತಾರೆ. ನನ್ನ ದಾಖಲೆಯ ಪ್ರಕಾರ, ಮತ್ತೆ ಕೇಳಿ ತಿದ್ದುವುದೂ ಸೇರಿ ಆರು ಗಂಟೆ ಹಿಡಿಯುತ್ತಿತ್ತು. ಆಸ್ಪತ್ರೆಯ ಗದ್ದಲದ ನಡುವೆ ಮುದ್ರಿಸಿದ ಧ್ವನಿ ಸುಲಭವಾಗಿ ಕೇಳಿಸುವುದಿಲ್ಲ. ಬಾಕಿ 8 ಮತ್ತು ಬರಲಿರುವ 2 ಸೇರಿ, ತಲಾ ಸುಮಾರು ಒಂದು ಗಂಟೆಯ 10 ಸಂದರ್ಶನಗಳಿಗೆ 60 ಗಂಟೆ. ಪಾಠ ಮಾಡುವ ಕೆಲಸದ ನಡುವೆ ಇದಕ್ಕೆ ವಾರಕ್ಕೆ 12 ಗಂಟೆ ಸಿಗುತ್ತಿತ್ತು. ಅಂದರೆ ಐದು ವಾರ. ಇಂಥ ಲೆಕ್ಕದಲ್ಲಿ ವಾರಕ್ಕೆ ಎಷ್ಟು ಗಂಟೆ ಸಿಕ್ಕರೆ ಚೆನ್ನಾಗಿತ್ತು ಎಂಬುದನ್ನು ಹಾಕಬಾರದು, ಕಳೆದ ತಿಂಗಳು ನಿಜವಾಗಿ ಎಷ್ಟು ಸಿಕ್ಕಿತ್ತು ಎಂಬುದನ್ನು ಹಾಕಬೇಕು.

ಕೊನೆಗೆ ಕಳುಹಿಸಿದ ಟಿಪ್ಪಣಿ, ಕಡೆಯಲ್ಲಿ ಸೇರಿಸಿದ ಒಂದು ಸಾಲಿನ ಹೊರತು, ಇದು:

“ವಿಷಯ: ಮೂರನೆಯ ಅಧ್ಯಾಯದ ಪ್ರಗತಿ, ಫೆಬ್ರುವರಿ 3. ನಿಮ್ಮಿಂದ ಎರಡು ತೀರ್ಮಾನಗಳು ಬೇಕು.

ಮೇಡಂ, ಅಧ್ಯಾಯದ ಕರಡು ಮಾರ್ಚ್ 24ರ ಬದಲು ಏಪ್ರಿಲ್ 21ಕ್ಕೆ ನಿಮಗೆ ತಲುಪುತ್ತದೆ.

ಈವರೆಗೆ: 24ರಲ್ಲಿ 17 ಸಂದರ್ಶನಗಳು ಆಗಿವೆ, 9 ಬರಹಕ್ಕಿಳಿದಿವೆ. ಇನ್ನೆರಡು ಸಂದರ್ಶನಗಳು ಈ ತಿಂಗಳೇ ನಡೆಯುತ್ತವೆ. ಈ 19ನ್ನೂ ಬರಹಕ್ಕಿಳಿಸುವುದು ಮಾರ್ಚ್ 10ಕ್ಕೆ, ಕೋಡಿಂಗ್ ಮಾರ್ಚ್ 31ಕ್ಕೆ ಮುಗಿಯುತ್ತದೆ.

ತಡದ ಕಾರಣ: ಒಂದು ಸಂದರ್ಶನವನ್ನು ಬರಹಕ್ಕಿಳಿಸಲು ಆರು ಗಂಟೆ ಹಿಡಿಯುತ್ತಿದೆ; ಯೋಜನೆಯಲ್ಲಿ ಮೂರು ಗಂಟೆ ಎಂದಿತ್ತು. ಉಳಿದ ಐದು ಸಂದರ್ಶನಗಳು ಫೋನಿಗೆ ಅನುಮತಿ ಬರುವವರೆಗೆ ನಿಂತಿವೆ.

ತೀರ್ಮಾನ 1: ಬರಹಕ್ಕಿಳಿದ 9 ಸಂದರ್ಶನಗಳ ಕೋಡಿಂಗ್ ಅನ್ನು ಈಗಲೇ ಆರಂಭಿಸಬಹುದೇ? ಆರಂಭಿಸುವುದು ಒಳ್ಳೆಯದೆಂದು ನನಗೆ ಅನಿಸುತ್ತದೆ.

ತೀರ್ಮಾನ 2: ಫೆಬ್ರುವರಿ 28ರೊಳಗೆ ಅನುಮತಿ ಬಾರದಿದ್ದರೆ 19 ಸಂದರ್ಶನಗಳಿಗೇ ನಿಲ್ಲಿಸಬಹುದೇ? ಇತ್ತೀಚಿನ ಸಂದರ್ಶನಗಳಲ್ಲಿ ಹೊಸ ವಿಷಯ ಕಡಿಮೆ. ಆದರೆ ಬಾಕಿ ಇರುವ ಐವರೂ ಸಣ್ಣ ಆಸ್ಪತ್ರೆಗಳವರು. ಅವರನ್ನು ಬಿಟ್ಟರೆ ಅಧ್ಯಾಯ ದೊಡ್ಡ ಆಸ್ಪತ್ರೆಗಳ ಚಿತ್ರವಷ್ಟೇ ಆಗುತ್ತದೆ. ಅವರನ್ನು ಸೇರಿಸಿದರೆ ಬರಹಕ್ಕಿಳಿಸಲು ಇನ್ನೂ ಎರಡೂವರೆ ವಾರ ಬೇಕು.”

ಹೊಸ ದಿನಾಂಕವನ್ನು ಮೊದಲ ವಾಕ್ಯದಲ್ಲೇ ಇಟ್ಟೆ. ಕೆಟ್ಟ ಸುದ್ದಿಯನ್ನು ಕಾರಣಗಳ ಹಿಂದೆ ಇಟ್ಟರೆ ಓದುವವರು ಪ್ರತಿ ಸಾಲಿನಲ್ಲೂ ಅದನ್ನೇ ಹುಡುಕುತ್ತಾರೆ. ‘ಕ್ಷಮಿಸಿ’ಯನ್ನೂ ‘ಪ್ರಯತ್ನಿಸುತ್ತೇನೆ’ಯನ್ನೂ ತೆಗೆದೆ. ಗೌರವ ಕಡಿಮೆಯಾಯಿತೇ ಎಂಬ ಅಳುಕು ಇತ್ತು. ಆದರೆ ಅವರ ಸಮಯ ಉಳಿಯುವಂತೆ ಬರೆದುಕೊಡುವುದೇ ಮಾರ್ಗದರ್ಶಕರಿಗೆ ಸಲ್ಲುವ ಗೌರವ ಎಂದು ನಾನು ನಂಬುತ್ತೇನೆ. ಸಂದರ್ಶನ ಕೊಟ್ಟವರ, ಅವರ ಆಸ್ಪತ್ರೆಗಳ ಹೆಸರುಗಳು ಟಿಪ್ಪಣಿಯಲ್ಲಿ ಎಲ್ಲೂ ಇಲ್ಲ. ಮಿಂಚಂಚೆ ಯಾರಿಂದ ಯಾರಿಗೆ ಹೋಗುತ್ತದೆಂದು ಹೇಳಲಾಗದು.

ಅತಿ ಹೆಚ್ಚು ಸಮಯ ಹಿಡಿದದ್ದು ಎರಡನೆಯ ಪ್ರಶ್ನೆ. ಮೊದಲ ಕರಡಿನಲ್ಲಿ ‘19 ಸಾಕಾಗಬಹುದೇ?’ ಎಂದಷ್ಟೇ ಇತ್ತು. ಹಾಗೆ ಕೇಳಿದ್ದರೆ ಸಂಖ್ಯೆಯನ್ನಷ್ಟೇ ನೋಡಿ ‘ಸಾಕು’ ಎಂದುಬಿಡಬಹುದಿತ್ತು. ಬಿಟ್ಟುಹೋಗುವವರು ಯಾರು ಎಂಬುದನ್ನು ಬರೆದಾಗಲೇ ಅದು ತೀರ್ಮಾನಿಸಬಹುದಾದ ಪ್ರಶ್ನೆಯಾಯಿತು. ನನಗೆ ಅನುಕೂಲವಾದ ಉತ್ತರಕ್ಕೆ ಎದುರಾದ ಸಂಗತಿಯನ್ನು ನಾನೇ ಬರೆಯಬೇಕಾಯಿತು, ಅದನ್ನು ಬಿಡುವಂತಿರಲಿಲ್ಲ. ಐವರೂ ಸಣ್ಣ ಆಸ್ಪತ್ರೆಯವರೆಂಬುದು ನನಗೆ ಮಾತ್ರ ಗೊತ್ತಿದ್ದ ವಿಷಯ.

ಕಳುಹಿಸುವ ಮುನ್ನ, ನನ್ನ ವಿಷಯದ ಪರಿಚಯವಿಲ್ಲದ ಸಹಪಾಠಿಯೊಬ್ಬಳಿಗೆ ಟಿಪ್ಪಣಿ ತೋರಿಸಿ, ಓದಿದ ಮೇಲೆ ಮೇಡಂ ಏನು ಮಾಡಬೇಕು ಎಂದು ಕೇಳಿದೆ. ಅವಳು ಎರಡೂ ತೀರ್ಮಾನಗಳನ್ನು ಹೇಳಿದಳು. ಆದರೆ ‘ಅವರು ಯಾವಾಗ ಉತ್ತರಿಸಬೇಕು?’ ಎಂದು ತಿರುಗಿ ಕೇಳಿದಳು. “ಮೊದಲನೆಯದಕ್ಕೆ ಈ ವಾರ, ಎರಡನೆಯದಕ್ಕೆ 28ರ ಮೊದಲು ಉತ್ತರ ಸಿಕ್ಕರೆ ಸಾಕು” ಎಂದು ಸೇರಿಸಿದೆ.

ಮೇಡಂ ಬರೆದ ಉತ್ತರ ಎರಡು ಸಾಲಿನದು: “ಕೋಡಿಂಗ್ ಆರಂಭಿಸಿ, ಐವರನ್ನು ಬಿಡುವುದು ಬೇಡ, ಸಮಿತಿಯ ಕಾರ್ಯದರ್ಶಿಗೆ ನಾನೇ ಪತ್ರ ಬರೆಯುತ್ತೇನೆ.” ಎರಡನೆಯದಕ್ಕೆ ನಾನು ನಿರೀಕ್ಷಿಸಿದ್ದ ಉತ್ತರ ಅದಲ್ಲ. ಏಪ್ರಿಲ್ 21ನ್ನೂ ಮುಂದಕ್ಕೆ ಹಾಕಬೇಕಾಯಿತು. ಮುಂದಿನ ಟಿಪ್ಪಣಿಯಲ್ಲಿ ಹಳೆಯ ದಿನಾಂಕಗಳನ್ನು ಅಳಿಸದೆ ಉಳಿಸಿಕೊಂಡು, ಪ್ರತಿಯೊಂದರ ಪಕ್ಕದಲ್ಲೂ ಆದದ್ದೇನು, ಹೊಸ ದಿನಾಂಕ ಯಾವುದು, ಬದಲಾದದ್ದು ಏಕೆ ಎಂದು ಬರೆದೆ. ಆಮೇಲಿನ ಟಿಪ್ಪಣಿಗಳನ್ನೂ ಹಾಗೆಯೇ ಬರೆಯುತ್ತಿದ್ದೇನೆ.