ಕೆಲಸ ಬೇಡವೆಂದೆ, ಸಂಪರ್ಕ ಉಳಿಸಿಕೊಂಡೆ

ಪುಣೆ ಸಮೀಪದ ಚಾಕಣ್‌ನ ಕಾರ್ಖಾನೆಯೊಂದರಿಂದ ಆಫರ್ ಲೆಟರ್ ಬಂದದ್ದು ಒಂದು ಗುರುವಾರ ಸಂಜೆ. ನಾನು ಪೀಣ್ಯದಲ್ಲಿ ಕೆಲಸ ಮುಗಿಸಿ ತುಮಕೂರಿನ ಬಸ್ಸಿನಲ್ಲಿ ಕುಳಿತಿದ್ದೆ. ವಾಹನದ ಬಿಡಿಭಾಗ ತಯಾರಿಸುವ ಘಟಕದಲ್ಲಿ ಗುಣಮಟ್ಟ ವಿಭಾಗದ ಎಂಜಿನಿಯರ್ ಆಗಿ ವರ್ಷಕ್ಕೆ 8.4 ಲಕ್ಷ ಪಡೆಯುತ್ತಿದ್ದವನಿಗೆ ಅವರು ಬರೆದದ್ದು 10.8 ಲಕ್ಷ. ಉತ್ತರಿಸಲು ಮಂಗಳವಾರದವರೆಗೆ ಸಮಯವಿತ್ತು.

ಶನಿವಾರ ರಾತ್ರಿ ಹೋಗುವುದಿಲ್ಲ ಎಂದು ತೀರ್ಮಾನಿಸಿದೆ. ನನ್ನ ಹೆಂಡತಿ ಶಿರಾ ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ. ರಾಜ್ಯ ಸರ್ಕಾರದ ನೌಕರಿಯಲ್ಲಿ ಮಹಾರಾಷ್ಟ್ರಕ್ಕೆ ವರ್ಗಾವಣೆ ಎಂಬುದಿಲ್ಲ. ಇದು ಮೊದಲೇ ಗೊತ್ತಿದ್ದರೂ, ಮೊದಲ ಫೋನ್ ಕರೆಯಲ್ಲಿ ‘ಪುಣೆಗೆ ಬರಲು ಸಿದ್ಧ’ ಎಂದು ಹೇಳಿದ್ದವನು ನಾನೇ. ಮನೆಯಲ್ಲಿ ಕುಳಿತು ಮಾತಾಡಿದ್ದು ಪತ್ರ ಕೈಗೆ ಬಂದ ಮೇಲೆ. ಹಾಗಾಗಿ ಈ ನಿರಾಕರಣೆಯಲ್ಲಿ ನನ್ನ ತಪ್ಪೂ ಸೇರಿತ್ತು.

ಕೆಲವು ವರ್ಷಗಳ ಹಿಂದೆ ಬೇರೊಂದು ಕಂಪನಿಯ ಪತ್ರಕ್ಕೆ ಸಹಿ ಹಾಕಿ, ಇದ್ದ ಕಡೆಯೇ ಸಂಬಳ ಹೆಚ್ಚಿಸಿದರೆಂದು ಉಳಿದುಕೊಂಡಿದ್ದೆ. ಸೇರಬೇಕಾದ ದಿನ ಹತ್ತಿರವಾದಾಗ ಅಲ್ಲಿನ ಎಚ್‌ಆರ್ ಆರು ಬಾರಿ ಕರೆ ಮಾಡಿದ್ದರು. ಹೇಳುವುದು ಹೇಗೆಂದು ತೋಚದೆ ನಾನು ಒಂದಕ್ಕೂ ಉತ್ತರಿಸಲಿಲ್ಲ. ಎರಡು ವರ್ಷದ ನಂತರ ಅದೇ ಕಂಪನಿಗೆ ಅರ್ಜಿ ಹಾಕಿದಾಗ, ಹಳೆಯ ದಾಖಲೆಯಲ್ಲಿ ‘ಒಪ್ಪಿಕೊಂಡು ಬರಲಿಲ್ಲ’ ಎಂದಿದೆ, ಆದ್ದರಿಂದ ಮುಂದುವರಿಸಲಾಗದು ಎಂದು ಅಲ್ಲಿಯವರು ನೇರವಾಗಿ ಹೇಳಿದರು. ಬೇಡವೆಂದವರಿಗಿಂತ ಸುಮ್ಮನಾದವರನ್ನು ಅವರು ಹೆಚ್ಚು ನೆನಪಿಟ್ಟುಕೊಳ್ಳುತ್ತಾರೆ ಎಂದು ಆಗ ಅರ್ಥವಾಯಿತು.

ಚಾಕಣ್‌ನ ಕೆಲಸಕ್ಕೆ ನನ್ನನ್ನು ಕಳುಹಿಸಿದ್ದು ಪುಣೆಯ ಒಂದು ಕನ್ಸಲ್ಟೆನ್ಸಿ. ಈ ವ್ಯವಹಾರದಲ್ಲಿ ಅಭ್ಯರ್ಥಿಯ ವಾರ್ಷಿಕ ಸಂಬಳದ ಶೇ 8.33, ಅಂದರೆ ಒಂದು ತಿಂಗಳ ಸಂಬಳದಷ್ಟು ಹಣವನ್ನು ಕಂಪನಿ ಕನ್ಸಲ್ಟೆನ್ಸಿಗೆ ಕೊಡುವುದು ರೂಢಿ. ಆ ಹಣ ಬರುವುದು ಅಭ್ಯರ್ಥಿ ಕೆಲಸಕ್ಕೆ ಸೇರಿದ ಮೇಲೆ. ಎಷ್ಟೋ ಒಪ್ಪಂದಗಳಲ್ಲಿ ಸೇರಿದವನು ಎರಡು ಮೂರು ತಿಂಗಳೊಳಗೆ ಬಿಟ್ಟರೆ ಬದಲಿಯನ್ನು ಉಚಿತವಾಗಿ ಹುಡುಕಿಕೊಡಬೇಕೆಂಬ ಷರತ್ತೂ ಇರುತ್ತದೆ. ನಾನು ಬೇಡವೆಂದರೆ ನನ್ನ ಹೆಸರು ಕಳುಹಿಸಿದ್ದ ಕನ್ಸಲ್ಟೆನ್ಸಿಯ ಮೇಡಂಗೆ ನಷ್ಟ ಖಚಿತ. ಅದನ್ನು ಎಷ್ಟು ಕಡಿಮೆ ಮಾಡಬಹುದು ಎಂಬುದಷ್ಟೇ ನನ್ನ ಕೈಯಲ್ಲಿತ್ತು. ಸಾಮಾನ್ಯವಾಗಿ ಸಂದರ್ಶನದ ಪಟ್ಟಿಯಲ್ಲಿ ಎರಡನೆಯವನೊಬ್ಬ ಇರುತ್ತಾನೆ. ನಾಲ್ಕು ದಿನದೊಳಗೆ ಹೇಳಿದರೆ ಅವನಿನ್ನೂ ಸಿಗಬಹುದು. ನಾಲ್ಕು ವಾರ ಕಳೆದರೆ ಅವನೂ ಬೇರೆಡೆ ಸೇರಿರುತ್ತಾನೆ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕರೆ ಮಾಡಿದೆ. ಮೊದಲು ಮೇಲ್ ಕಳುಹಿಸಿಬಿಡಲು ಮನಸ್ಸು ಎಳೆಯುತ್ತಿತ್ತು, ಅದು ಸುಲಭ. ಆದರೆ ಅವರು ಆ ಮೇಲ್ ಓದುವ ಹೊತ್ತಿಗೆ ಕಂಪನಿಯವರ ಜೊತೆ ನನ್ನ ಸೇರುವ ದಿನದ ಬಗ್ಗೆಯೇ ಮಾತಾಡುತ್ತಿದ್ದರೆ? ಹೇಳಬೇಕಾದ್ದನ್ನು ಚೀಟಿಯಲ್ಲಿ ಮೂರು ಸಾಲು ಬರೆದುಕೊಂಡಿದ್ದೆ. ಮಾತು ಹಿಂದಿಯಲ್ಲಿ ನಡೆಯಿತು.

‘ಮೇಡಂ, ಈ ಕೆಲಸಕ್ಕೆ ನಾನು ಸೇರುವುದಿಲ್ಲ. ಹೆಂಡತಿಯ ಸರ್ಕಾರಿ ನೌಕರಿ ಬಿಟ್ಟು ಊರು ಬದಲಿಸಲು ಸಾಧ್ಯವಿಲ್ಲ. ಇದನ್ನು ನಿಮಗೆ ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ, ಕ್ಷಮಿಸಿ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸಂಬಳದ ವಿಷಯವಾದರೆ ಹೇಳಿ, ಇನ್ನೊಂದು ಐವತ್ತು ಸಾವಿರ ಕೇಳಿ ನೋಡುತ್ತೇನೆ’ ಎಂದರು. ಬಹಳ ಜನ ಎಡವುವುದು ಇಲ್ಲಿಯೇ. ಸಂಕೋಚಕ್ಕೆ ‘ಹೌದು, ಸಂಬಳ ಸ್ವಲ್ಪ ಕಡಿಮೆಯಾಯಿತು’ ಎಂದುಬಿಟ್ಟರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅವರು ಕಂಪನಿಯ ಬಳಿ ಹೋಗಿ, ವಾದಿಸಿ, ಅನುಮತಿ ತರುತ್ತಾರೆ. ಆಮೇಲೂ ನಾವು ಬೇಡವೆಂದರೆ ಅವರ ಮಾತಿಗೆ ಕಂಪನಿಯಲ್ಲಿ ಬೆಲೆ ಉಳಿಯುವುದಿಲ್ಲ. ‘ಇಲ್ಲ ಮೇಡಂ, ಸಂಬಳ ಚೆನ್ನಾಗಿಯೇ ಇದೆ. ಹನ್ನೆರಡು ಲಕ್ಷ ಕೊಟ್ಟರೂ ನನ್ನ ಉತ್ತರ ಇದೇ’ ಎಂದೆ. ಮರುಕ್ಷಣ ಅವರ ದನಿ ಬದಲಾಯಿತು. ಮನವೊಲಿಸುವುದನ್ನು ಬಿಟ್ಟು, ಹಾಗಾದರೆ ಯಾವ ಊರಾದರೆ ನಿಮಗೆ ಆಗುತ್ತದೆ ಎಂದು ಕೇಳಿದರು. ‘ತುಮಕೂರಿನಿಂದ ದಿನವೂ ಹೋಗಿಬರುವಷ್ಟು ದೂರ’ ಎಂದು ಹೇಳಿದೆ.

ನಿರಾಕರಣೆಯ ಕಾರಣವೇ ಅವರ ಬಳಿ ನಮ್ಮ ಹೆಸರಿನ ಪಕ್ಕದಲ್ಲಿ ಉಳಿಯುವ ಟಿಪ್ಪಣಿ. ‘ವೈಯಕ್ತಿಕ ಕಾರಣ’ ಎಂದರೆ ಅವರು ಬರೆದುಕೊಳ್ಳುವಂಥದ್ದೇನೂ ಇಲ್ಲ. ಖರೆ ಕಾರಣ ಒಂದೇ ಸಾಲಿನಲ್ಲಿದ್ದರೆ ಮುಂದೆ ಯಾವ ಕೆಲಸಕ್ಕೆ ಕರೆಯಬೇಕು, ಯಾವುದಕ್ಕೆ ಬೇಡ ಎಂಬುದು ಅವರಿಗೆ ತಿಳಿಯುತ್ತದೆ. ಕಾರಣ ಇನ್ನೊಂದು ಕಂಪನಿಯ ಕೆಲಸವಾಗಿದ್ದರೆ ‘ಬೇರೆ ಕಡೆ ಒಪ್ಪಿಕೊಂಡಿದ್ದೇನೆ’ ಎಂದರೆ ಸಾಕು, ಅಲ್ಲಿನ ಸಂಬಳದ ಅಂಕಿ ಕೊಡಬೇಕಾಗಿಲ್ಲ.

ಕರೆ ಮುಗಿದ ಅರ್ಧ ಗಂಟೆಯಲ್ಲಿ ಮೇಲ್ ಕಳುಹಿಸಿದೆ. ಅದರ ಸಾರ ಇಷ್ಟು: ‘ಫೋನಿನಲ್ಲಿ ತಿಳಿಸಿದಂತೆ, ಕುಟುಂಬವನ್ನು ಸ್ಥಳಾಂತರಿಸಲು ಸಾಧ್ಯವಿಲ್ಲದ ಕಾರಣ ಈ ಹುದ್ದೆಯನ್ನು ನಾನು ಸ್ವೀಕರಿಸುತ್ತಿಲ್ಲ. ಘಟಕದ ಗುಣಮಟ್ಟ ಮುಖ್ಯಸ್ಥರು ಸಂದರ್ಶನಕ್ಕೆ ಕೊಟ್ಟ ಸಮಯಕ್ಕೆ ನನ್ನ ಧನ್ಯವಾದವನ್ನು ದಯವಿಟ್ಟು ತಲುಪಿಸಿ. ತುಮಕೂರು ಅಥವಾ ಬೆಂಗಳೂರಿನ ಉತ್ತರ ಭಾಗದಲ್ಲಿ ಇಂಥದೇ ಹುದ್ದೆ ಇದ್ದರೆ ತಿಳಿಸಿ.’ ಮೊದಲು ‘ಸದ್ಯಕ್ಕೆ ಸ್ವೀಕರಿಸಲಾಗುತ್ತಿಲ್ಲ’ ಎಂದು ಬರೆದು, ‘ಸದ್ಯಕ್ಕೆ’ಯನ್ನು ಅಳಿಸಿದೆ. ಆ ಪದ ಮೃದುವಾಗಿ ಕೇಳಿಸುತ್ತದೆ, ಆದರೆ ಇನ್ನೂ ಎರಡು ವಾರ ಕಾದರೆ ಒಪ್ಪಬಹುದು ಎಂಬ ಆಸೆ ಹುಟ್ಟಿಸುತ್ತದೆ. ಕಂಪನಿಯ ಮುಖ್ಯಸ್ಥರಿಗೆ ನಾನೇ ನೇರವಾಗಿ ಬರೆಯಲಿಲ್ಲ. ಕನ್ಸಲ್ಟೆನ್ಸಿ ನಡುವೆ ಇರುವಾಗ ಸುದ್ದಿ ಅವರ ಮೂಲಕವೇ ಹೋಗಬೇಕು. ಕಂಪನಿಯ ಎಚ್‌ಆರ್ ಅವರೇ ಕರೆದಿದ್ದ ಕೆಲಸವಾದರೆ, ಅವರಿಗೆ ತಿಳಿಸಿ ಸಂದರ್ಶಕರಿಗೆ ಎರಡು ಸಾಲು ಬರೆಯಬಹುದು.

ಇನ್ನೊಂದು ಕೆಲಸ ಮಾಡಿದೆ. ನಿಪ್ಪಾಣಿ ಕಡೆಯ ನನ್ನ ಹಳೆಯ ಸಹೋದ್ಯೋಗಿಯೊಬ್ಬ ಪುಣೆಗೆ ಹೋಗಲು ಕಾಯುತ್ತಿದ್ದ. ಮೊದಲು ಅವನನ್ನು ಕೇಳಿ, ಒಪ್ಪಿದ ಮೇಲೆ ಅವನ ನಂಬರನ್ನು ಮೇಡಂಗೆ ಕೊಟ್ಟೆ. ಅವನು ಎರಡನೆಯ ಸುತ್ತಿನವರೆಗೆ ಹೋದ, ಆಯ್ಕೆಯಾಗಲಿಲ್ಲ. ಆದರೂ ಹೆಸರು ಕೊಟ್ಟದ್ದನ್ನು ಅವರು ಮರೆಯಲಿಲ್ಲ.

ಆಮೇಲೆ ಶುಭಾಶಯ, ಹೂವಿನ ಚಿತ್ರ ಯಾವುದನ್ನೂ ಅವರಿಗೆ ಕಳುಹಿಸಲಿಲ್ಲ. ಹೇಳುವಂಥ ವಿಷಯವಿದ್ದಾಗ ಮಾತ್ರ ಬರೆದೆ. ಒಂದು ವರ್ಷದಲ್ಲಿ ಎರಡೇ ಸಂದೇಶ. ಐದು ತಿಂಗಳ ನಂತರ, ವಾಹನ ಉದ್ಯಮದ ಗುಣಮಟ್ಟ ಮಾನದಂಡವಾದ ಐಎಟಿಎಫ್ 16949ರ ಆಂತರಿಕ ಆಡಿಟರ್ ತರಬೇತಿ ಮುಗಿಸಿದಾಗ ಹೊಸ ರೆಸ್ಯೂಮೆಯನ್ನು ಕಳುಹಿಸಿ, ‘ಊರು ಹಿಂದೆ ಹೇಳಿದ್ದೇ, ನೋಟಿಸ್ ಅವಧಿ 60 ದಿನ’ ಎಂದು ಸೇರಿಸಿದೆ. ಇನ್ನೊಮ್ಮೆ, ಅವರು ಹುಡುಕುತ್ತಿದ್ದ ಬೇರೊಂದು ಹುದ್ದೆಗೆ ಪರಿಚಿತರೊಬ್ಬರ ಹೆಸರು ಕೊಟ್ಟೆ.

ಹದಿನಾಲ್ಕನೆಯ ತಿಂಗಳಲ್ಲಿ ಮೇಡಂ ಅವರೇ ಕರೆ ಮಾಡಿದರು. ಹುದ್ದೆ ಯಾವುದು, ಸಂಬಳ ಎಷ್ಟು ಎಂದು ಹೇಳುವ ಮೊದಲೇ ಅವರು ಕೇಳಿದ್ದು: ‘ವಸಂತನರಸಾಪುರ ನಿಮ್ಮ ಮನೆಯಿಂದ ಎಷ್ಟು ದೂರ?’