ವಿಲೋಮ ಬಿಟ್ಟ ಮೇಲೆ ಉಳಿದ ಗುಣಾಕಾರಗಳು

ಕಟ್ಟಡದ ಫ್ರೇಮ್ ಲೆಕ್ಕಕ್ಕೆ ನಾನೇ ಒಂದು ಪ್ರೋಗ್ರಾಮ್ ಬರೆದಿದ್ದೆ. ಬಿಗಿತದ ಮ್ಯಾಟ್ರಿಕ್ಸ್ K, ಹೊರೆ f, ಬೇಕಾದದ್ದು Ku = f ಆಗುವಂಥ ಸ್ಥಾನಪಲ್ಲಟ u. ಕಾಲೇಜಿನಲ್ಲಿ ಕಲಿತಂತೆ K ಯ ವಿಲೋಮ ತೆಗೆದು f ನಿಂದ ಗುಣಿಸುತ್ತಿದ್ದೆ. ಅಜ್ಞಾತಗಳು 1000 ಇದ್ದಾಗ ತೊಂದರೆ ಕಾಣಲಿಲ್ಲ. ಮಹಡಿ ಸೇರಿಸಿ 2000 ಮಾಡಿದಾಗ, ಎರಡು ಪಟ್ಟು ಹೊತ್ತು ಹಿಡಿದೀತು ಎಂದುಕೊಂಡಿದ್ದೆ. ಹಿಡಿದದ್ದು ಹತ್ತಿರ ಹತ್ತಿರ ಎಂಟು ಪಟ್ಟು, ಅಂದರೆ ಎರಡರ ಘನ.

ವಿಲೋಮ ಬಿಟ್ಟು ನಿರಸನದಿಂದ, ಅಂದರೆ ಸಾಲಿನಿಂದ ಸಾಲು ಕಳೆದು ಅಜ್ಞಾತಗಳನ್ನು ಒಂದೊಂದಾಗಿ ತೆಗೆಯುತ್ತ ಬಿಡಿಸಿದರೆ ಎಷ್ಟು ಕೆಲಸ ಎಂದು, ಕಾಗದ ತೆಗೆದು 3 ಸಮೀಕರಣಗಳಿಗೆ ಎಣಿಸಿದೆ. ಕೂಡು-ಕಳೆ ಬಿಟ್ಟು ಗುಣಾಕಾರ, ಭಾಗಾಕಾರ ಮಾತ್ರ. ಮೊದಲ ಹಂತದಲ್ಲಿ ಕೆಳಗಿನ ಎರಡು ಸಾಲುಗಳಿಗೆ ತಲಾ ಒಂದು ಭಾಗಾಕಾರ, ಎರಡು ಗುಣಾಕಾರ: 6. ಎರಡನೇ ಹಂತದಲ್ಲಿ ಒಂದೇ ಸಾಲು: 2. ಅಲ್ಲಿಗೆ 8. ಬಲಬದಿಯನ್ನು ಜೊತೆಗೆ ಒಯ್ಯಲು 3, ಕೆಳಗಿನಿಂದ ಮೇಲೆ ಬಿಡಿಸಿಕೊಂಡು ಬರಲು 6. ಒಟ್ಟು 17.

ವಿಲೋಮಕ್ಕೆ ಅದೇ 8 ಬೇಕು. ಆಮೇಲೆ ಏಕಮಾತೃಕೆಯ ಮೂರು ಕಂಬಸಾಲುಗಳಿಗೆ ತಲಾ 9, ಕೊನೆಗೆ f ನಿಂದ ಗುಣಿಸಲು 9: ಒಟ್ಟು 44. ಸೊನ್ನೆಗಳನ್ನು ಜಾಣತನದಿಂದ ಬಿಟ್ಟರೂ 36.

ಘನ ಎಲ್ಲಿಂದ ಬಂತು ಎನ್ನುವುದೂ ಇಲ್ಲೇ ಕಾಣುತ್ತದೆ. ಪ್ರತಿ ಹಂತದಲ್ಲೂ ಉಳಿದ ಚೌಕವನ್ನೆಲ್ಲ ತಿದ್ದಬೇಕು, ಚೌಕ ಒಂದೊಂದು ಸಾಲು ಕುಗ್ಗುತ್ತದೆ. ಅವನ್ನೆಲ್ಲ ಒಂದರ ಮೇಲೊಂದು ಪೇರಿಸಿದರೆ ಪಿರಮಿಡ್ಡು. ಅದರ ಗಾತ್ರ ಘನದ ಮೂರನೇ ಒಂದು. ಹಾಗಾಗಿ ಅಜ್ಞಾತಗಳು n ಇದ್ದರೆ ನಿರಸನಕ್ಕೆ ಸುಮಾರು n³/3, ವಿಲೋಮಕ್ಕೆ ಸೊನ್ನೆ ಬಿಟ್ಟು n³. 1000 ಕ್ಕೆ ಅದು 33 ಕೋಟಿ ಮತ್ತು 100 ಕೋಟಿ, 2000 ಕ್ಕೆ 267 ಕೋಟಿ ಮತ್ತು 800 ಕೋಟಿ.

ನನ್ನ ಹತ್ತಿರ ಒಂದು ಸಮರ್ಥನೆ ಇತ್ತು: ಸ್ವಂತ ಭಾರ, ಗಾಳಿ, ಭೂಕಂಪ ಎಂದು ಹೊರೆ ಬದಲಾಗುತ್ತಲೇ ಇರುತ್ತದೆ, ವಿಲೋಮ ಒಮ್ಮೆ ತೆಗೆದಿಟ್ಟರೆ ಪ್ರತಿ ಸಲ ಗುಣಿಸಿದರಾಯಿತಲ್ಲ? ಎಣಿಸಿದಾಗ ಅದೂ ಬಿದ್ದುಹೋಯಿತು. ವಿಲೋಮದಿಂದ ಗುಣಿಸಲು n², ಅಂದರೆ 10 ಲಕ್ಷ. ನಿರಸನದ ಗುಣಕಗಳನ್ನು ಇಟ್ಟುಕೊಂಡು ಹೊಸ f ಗೆ ಬಿಡಿಸಲೂ ಅದೇ 10 ಲಕ್ಷ. ಮೇಲೆ ತೆತ್ತ 67 ಕೋಟಿಗೆ ಏನೂ ಸಿಗಲಿಲ್ಲ.

```python
lu = scipy.linalg.lu_factor(K)
u = scipy.linalg.lu_solve(lu, f)
```

ಹೀಗೆ ಬದಲಿಸಿದೆ. (ಚಿಕ್ಕ n ಇದ್ದಾಗ ಗಡಿಯಾರದಲ್ಲಿ ವ್ಯತ್ಯಾಸ ಹುಡುಕಬೇಡಿ, ಅಲ್ಲಿ ಫಂಕ್ಷನ್ ಕರೆಯುವ ಖರ್ಚೇ ಹೆಚ್ಚು.)

ಆಮೇಲೆ ಕಣ್ಣಿಗೆ ಬಿದ್ದದ್ದು ಇನ್ನೂ ದೊಡ್ಡದು. ಫ್ರೇಮಿನಲ್ಲಿ ಪ್ರತಿ ಗಂಟೂ ಪಕ್ಕದ ಗಂಟುಗಳಿಗಷ್ಟೇ ಸೇರಿರುತ್ತದೆ. ಗಂಟುಗಳಿಗೆ ಸರಿಯಾಗಿ ಸಂಖ್ಯೆ ಕೊಟ್ಟಾಗ, ನನ್ನ 1000 ರ K ಯಲ್ಲಿ ಕರ್ಣದ ಎರಡೂ ಬದಿ 30 ಸ್ಥಾನ ದಾಟಿದರೆ ಬರೀ ಸೊನ್ನೆ. ಸಾಲು ಅದಲುಬದಲು ಮಾಡದೆ ಆ ಪಟ್ಟಿಯೊಳಗೇ ನಿರಸನ ಮಾಡಿದರೆ ಹಂತಕ್ಕೆ 30×31, ಒಟ್ಟು ಸುಮಾರು 9.3 ಲಕ್ಷ. ಆದರೆ ವಿಲೋಮದಲ್ಲಿ ಆ ಸೊನ್ನೆಗಳು ಉಳಿಯುವುದಿಲ್ಲ. ಅದನ್ನು ಬರೆದಿಡಲಿಕ್ಕೇ 10 ಲಕ್ಷ ಸಂಖ್ಯೆಗಳು ಬೇಕು.